ಪಾರ್ಟ್ ಟೈಮ್ ಕೆಲಸದ ಜೊತೆ ಆಪರೇಟಿಂಗ್ ಸಿಸ್ಟಮ್ಸ್ ಪರೀಕ್ಷೆ: ಹದಿನಾಲ್ಕು ದಿನಗಳ ರಿವಿಷನ್ ವೇಳಾಪಟ್ಟಿ

ನಾನು ಐದನೇ ಸೆಮಿಸ್ಟರ್ ಮುಗಿಯುವವರೆಗೂ ವಿಜಯನಗರದ ಒಂದು ಮೆಡಿಕಲ್ ಶಾಪಿನಲ್ಲಿ ಸಂಜೆ ಐದರಿಂದ ರಾತ್ರಿ ಒಂಬತ್ತೂವರೆವರೆಗೆ ಕೆಲಸ ಮಾಡುತ್ತಿದ್ದೆ. ವಾರಕ್ಕೊಂದೇ ರಜೆ, ಅದೂ ಬುಧವಾರ. ಸುಂಕದಕಟ್ಟೆಯ ಮನೆ ಸೇರುವಾಗ ಹತ್ತೂಕಾಲು ಆಗಿರುತ್ತಿತ್ತು. ಓಎಸ್ ಪರೀಕ್ಷೆಗೆ ಮೊದಲ ಸಲ ಓದಿದ್ದು ಊಟ ಮುಗಿಸಿ, ಟೆಕ್ಸ್ಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು. ಸೆಮಾಫೋರ್ ಅಧ್ಯಾಯವನ್ನು ಹಾಗೆ ಮೂರು ರಾತ್ರಿ ಓದಿದೆ, ಮೂರು ರಾತ್ರಿಯೂ ಅರ್ಥವಾದಂತೆಯೇ ಇತ್ತು. ಪರೀಕ್ಷೆಯಲ್ಲಿ `wait(mutex)` ಮೊದಲೋ `wait(empty)` ಮೊದಲೋ ಎಂದು ಕೇಳಿದಾಗ ಕೈ ನಿಂತುಹೋಯಿತು.

ದಣಿದ ತಲೆ ಓದಿದ ಹಾಗೆ ನಟಿಸಬಲ್ಲದು, ಲೆಕ್ಕ ಮಾಡಿದ ಹಾಗೆ ನಟಿಸಲಾರದು. ಲೆಕ್ಕಕ್ಕೆ ಉತ್ತರ ಬಂತು ಅಥವಾ ಬರಲಿಲ್ಲ, ಎರಡೇ. ಕೆಳಗಿನ ವೇಳಾಪಟ್ಟಿ ಇದರ ಮೇಲೇ ನಿಂತಿದೆ: ಹೊಸ ವಿಷಯ ಬೆಳಿಗ್ಗೆ ಮಾತ್ರ, ರಾತ್ರಿ ಆಗಲೇ ಓದಿದ ವಿಷಯದ ಒಂದೇ ಒಂದು ಲೆಕ್ಕ, ಕೈಯಲ್ಲಿ ಪೆನ್ನು ಹಿಡಿದು.

## ಮೊದಲು ಗಂಟೆಗಳ ಲೆಕ್ಕ

ಪರೀಕ್ಷೆ ಸೋಮವಾರ ಎಂದಿಟ್ಟುಕೊಳ್ಳಿ. ಅದಕ್ಕೆ ಸರಿಯಾಗಿ ಎರಡು ವಾರ ಹಿಂದಿನ ಸೋಮವಾರ ದಿನ 1. ಬೆಳಿಗ್ಗೆ ಆರರಿಂದ ಏಳೂವರೆ, ರಾತ್ರಿ ಹತ್ತೂವರೆಯಿಂದ ಹನ್ನೊಂದು ಹತ್ತು. ಅಂದರೆ 90 ಮತ್ತು 40 ನಿಮಿಷ, ದಿನಕ್ಕೆ 130. ಕೆಲಸವಿರುವ ಹನ್ನೆರಡು ದಿನಕ್ಕೆ 26 ಗಂಟೆ. ಎರಡು ಬುಧವಾರಗಳಿಗೆ ತಲಾ ಐದು ಗಂಟೆ ಸೇರಿಸಿದರೆ ಒಟ್ಟು 36. ಹಗಲು ಕಾಲೇಜಿಗೆ ಮತ್ತು ಉಳಿದ ವಿಷಯಗಳಿಗೆ.

ಆ 36ರಲ್ಲಿ ಆರು ಗಂಟೆಯನ್ನು ಈಗಲೇ ಕಳೆದುಬಿಡಿ. ಕಾವೇರಿ ನೀರು ಬರುವ ಬೆಳಿಗ್ಗೆ ಡ್ರಮ್ಮು ತುಂಬಿಸಲೇಬೇಕು, ಜೊತೆಯ ಹುಡುಗ ರಜೆ ಹಾಕಿದ ದಿನ ಅಂಗಡಿ ಮುಚ್ಚುವಾಗ ಹತ್ತೂವರೆ ಆಗುತ್ತದೆ, ಮಳೆ ಬಂದರೆ ಮಾಗಡಿ ರಸ್ತೆಯ ಬಸ್ಸು ನಿಂತಲ್ಲೇ ನಿಲ್ಲುತ್ತದೆ. ಕೈಗೆ ಸಿಗುವುದು 30 ಗಂಟೆ. ಬಸ್ಸಿನ ಸಮಯವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ನಿಂತೇ ಹೋಗುವ ಬಸ್ಸಿನಲ್ಲಿ ಡೆಡ್‌ಲಾಕಿನ ನಾಲ್ಕು ಷರತ್ತುಗಳನ್ನು ಬಾಯಲ್ಲಿ ಹೇಳಿಕೊಳ್ಳಬಹುದು, ಅಷ್ಟೇ.

ಇನ್ನೊಂದು ಕೆಲಸವನ್ನು ದಿನ 1ರಂದೇ ಮುಗಿಸಿಬಿಡಿ. ಪರೀಕ್ಷೆಯ ಹಿಂದಿನ ಭಾನುವಾರದ ಶಿಫ್ಟ್ ಬದಲಿಸಿಕೊಳ್ಳಿ. ನಾನು ಕೇಳಿದ್ದು ಹೀಗೆ: "ಅಣ್ಣಾ, ಮುಂದಿನ್ ಮುಂದಿನ್ ಸೋಮವಾರ ಎಕ್ಸಾಮ್ ಇದೆ. ಅದರ ಹಿಂದಿನ ಭಾನುವಾರ ನಂಗೆ ಬಿಟ್ಕೊಡಿ, ಎಕ್ಸಾಮ್ ಮುಗಿದ ಮೇಲಿನ ಬುಧವಾರ ರಜೆ ಬೇಡ, ಬರ್ತೀನಿ." ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, "ಈಗ್ಲೇ ಹೇಳಿದ್ಯಲ್ಲ, ಸರಿ ಬಿಡಪ್ಪ" ಅಂದರು. ಅದಕ್ಕೆ ಹಿಂದಿನ ಸೆಮಿಸ್ಟರಿನಲ್ಲಿ ಇದನ್ನೇ ಎರಡು ದಿನ ಮುಂಚೆ ಕೇಳಿ ಬೈಸಿಕೊಂಡಿದ್ದೆ.

## ದಿನ 1ರ ಹಿಂದಿನ ರಾತ್ರಿ: ಹಳೇ ಪೇಪರುಗಳು

ವಿಟಿಯು ಪ್ರಶ್ನೆಪತ್ರಿಕೆಯ ಕಟ್ಟು ನಿಮಗೆ ಗೊತ್ತೇ ಇದೆ: ಐದು ಮಾಡ್ಯೂಲ್, ಪ್ರತಿಯೊಂದರಲ್ಲಿ 20 ಅಂಕದ ಎರಡು ಪೂರ್ಣ ಪ್ರಶ್ನೆ, ಒಂದನ್ನು ಆರಿಸಿಕೊಳ್ಳಬೇಕು, ಮೂರು ಗಂಟೆ. ಬೇರೆ ವಿಶ್ವವಿದ್ಯಾಲಯದವರು ತಮ್ಮ ಕಟ್ಟಿಗೆ ತಕ್ಕಂತೆ ಹೊಂದಿಸಿಕೊಳ್ಳಿ. ನಿಮ್ಮ ಸ್ಕೀಮಿನ ನಾಲ್ಕು ಹಳೇ ಪೇಪರ್ ತೆಗೆದುಕೊಂಡು, ಲೆಕ್ಕದ ಪ್ರಶ್ನೆಗಳಿಗೆಲ್ಲ ಒಂದು ಗೆರೆ ಎಳೆಯಿರಿ. ಎಷ್ಟು ಪೇಪರ್ ತಿರುವಿದರೂ ಲೆಕ್ಕದ ಜಾತಿಗಳು ಐದಾರೇ: ಶೆಡ್ಯೂಲಿಂಗ್, ಬ್ಯಾಂಕರ್ಸ್ ಅಲ್ಗಾರಿದಮ್, ಮೆಮೊರಿ ಹಂಚಿಕೆ ಮತ್ತು ಪೇಜಿಂಗ್, ಪೇಜ್ ರಿಪ್ಲೇಸ್‌ಮೆಂಟ್, ಡಿಸ್ಕ್ ಶೆಡ್ಯೂಲಿಂಗ್. ಜೊತೆಗೆ ಲೆಕ್ಕವಲ್ಲದಿದ್ದರೂ ಲೆಕ್ಕದ ಹಾಗೇ ನಡೆದುಕೊಳ್ಳುವ ಸೆಮಾಫೋರ್. ಒಂದು ನೋಟ್‌ಬುಕ್ಕಿನಲ್ಲಿ ಇವುಗಳಿಗೆ ತಲಾ ಎರಡು ಪುಟ ಬಿಡಿ. ಅಲ್ಲಿ ಬರೆಯಬೇಕಾದ್ದು ನೋಟ್ಸ್ ಅಲ್ಲ, ನೀವು ಮಾಡಿದ ತಪ್ಪುಗಳು.

## ದಿನ 1 ಮತ್ತು 2: ಪ್ರೊಸೆಸ್, ಶೆಡ್ಯೂಲಿಂಗ್

ಸೋಮವಾರ ಬೆಳಿಗ್ಗೆ ಪ್ರೊಸೆಸ್ ಸ್ಟೇಟ್ ಚಿತ್ರ, ಪಿಸಿಬಿ, ಸಿಸ್ಟಮ್ ಕಾಲ್, ಥ್ರೆಡ್ ಮಾದರಿಗಳು. ಇವೆಲ್ಲ ಸುಲಭ, ಹೆಚ್ಚು ಹೊತ್ತು ಕೂರಬೇಡಿ. ಕೊನೆಗೆ ಇದೊಂದನ್ನು ಬಿಡಿಸಿ:

```
fork();
if (fork() == 0)
    fork();
```

ಒಟ್ಟು ಎಷ್ಟು ಪ್ರೊಸೆಸ್? ಮೂರು `fork` ಕಂಡ ಕೂಡಲೇ ಎಂಟು ಎನ್ನುವವರೇ ಹೆಚ್ಚು. ಮೊದಲನೆಯದರ ನಂತರ ಎರಡು, ಎರಡನೆಯದರ ನಂತರ ನಾಲ್ಕು. ಆ ನಾಲ್ಕರಲ್ಲಿ ಹೊಸದಾಗಿ ಹುಟ್ಟಿದ ಎರಡಕ್ಕೆ ಮಾತ್ರ 0 ಸಿಗುವುದರಿಂದ ಅವೆರಡೇ ಮೂರನೆಯದನ್ನು ನಡೆಸುತ್ತವೆ. ಒಟ್ಟು ಆರು.

ಮಂಗಳವಾರ ಬೆಳಿಗ್ಗೆ ಶೆಡ್ಯೂಲಿಂಗ್. ಎಫ್‌ಸಿಎಫ್‌ಎಸ್, ಎಸ್‌ಜೆಎಫ್ ಅರ್ಧ ಗಂಟೆಗೆ ಮುಗಿಯುತ್ತವೆ. ಉಳಿದ ಒಂದು ಗಂಟೆ ರೌಂಡ್ ರಾಬಿನ್‌ಗೆ ಕೊಡಿ, ಏಕೆಂದರೆ ಚೆನ್ನಾಗಿ ಬರುತ್ತದೆ ಎಂದುಕೊಂಡವರೂ ಎಡವುವುದು ಇಲ್ಲೇ. ಕ್ವಾಂಟಮ್ 2 ಇರುವ ಈ ಲೆಕ್ಕ ನೋಡಿ:

```
        Arrival  Burst
P1         0       5
P2         2       3
P3         4       2
```

0ರಿಂದ 2ರವರೆಗೆ P1 ಓಡುತ್ತದೆ, ಇನ್ನೂ 3 ಬಾಕಿ. ಗಡಿಯಾರ 2 ಆದಾಗ ಎರಡು ಸಂಗತಿ ಒಟ್ಟಿಗೇ ನಡೆಯುತ್ತವೆ: P1ನ ಸರದಿ ಮುಗಿಯುತ್ತದೆ, P2 ಬಂದು ನಿಲ್ಲುತ್ತದೆ. ಕ್ಯೂನಲ್ಲಿ ಮೊದಲು ಯಾರು? ಈಗಷ್ಟೇ ಬಂದವನನ್ನು ಮೊದಲು ಸೇರಿಸಿದರೆ P2ಗೆ ಸಿಪಿಯು ಸಿಗುತ್ತದೆ, P1 ಅದರ ಹಿಂದೆ. ಸಮಯ 4ರಲ್ಲಿ ಇದೇ ಮತ್ತೆ: P3 ಬರುತ್ತದೆ, P2ನ ಸರದಿ ಮುಗಿಯುತ್ತದೆ. ಅದೇ ನಿಯಮ ಪಾಲಿಸಿದರೆ ಹೀಗಾಗುತ್ತದೆ:

```
| P1 | P2 | P1 | P3 | P2 | P1 |
0    2    4    6    8    9    10
```

P1 ಮುಗಿಯುವುದು 10ಕ್ಕೆ, P2 9ಕ್ಕೆ, P3 8ಕ್ಕೆ. ಬಂದ ಸಮಯ ಕಳೆದರೆ ಟರ್ನ್‌ಅರೌಂಡ್ 10, 7, 4. ಅದರಲ್ಲಿ ಬರ್ಸ್ಟ್ ಕಳೆದರೆ ಕಾದ ಸಮಯ 5, 4, 2. ಸರಾಸರಿ 3.67.

ಈಗ ಉಲ್ಟಾ ಮಾಡಿ. ಸರದಿ ಮುಗಿದವನನ್ನು ಮೊದಲು ಕ್ಯೂಗೆ ಹಾಕಿ, ಹೊಸಬನನ್ನು ಆಮೇಲೆ. ಆಗ P1 ಸತತ ಎರಡು ಸಲ ಓಡುತ್ತದೆ, ಮುಗಿಯುವ ಸಮಯ ಕ್ರಮವಾಗಿ 7, 10, 9 ಆಗುತ್ತದೆ, ಕಾದ ಸಮಯ 2, 5, 3. ಸರಾಸರಿ 3.33. ಪ್ರಶ್ನೆ ಅದೇ, ಉತ್ತರ ಎರಡು. ಸಾಮಾನ್ಯವಾಗಿ ಪಾಠದಲ್ಲಿ ಹೇಳಿಕೊಡುವುದು ಮೊದಲನೆಯ ರೀತಿ. ಯಾವುದನ್ನೇ ಹಿಡಿಯಿರಿ, ಗ್ಯಾಂಟ್ ಚಾರ್ಟಿನ ಮೇಲೆ ಒಂದು ಸಾಲು ಬರೆಯಿರಿ: ಒಂದೇ ಸಮಯದಲ್ಲಿ ಬಂದರೆ ಹೊಸ ಪ್ರೊಸೆಸ್ ಮೊದಲು ಕ್ಯೂ ಸೇರುತ್ತದೆ ಎಂದು ಭಾವಿಸಲಾಗಿದೆ. ಬರೆಯದೆ ಬಿಟ್ಟರೆ ತಿದ್ದುವವರ ಕೀ ಉತ್ತರಕ್ಕೂ ನಿಮ್ಮದಕ್ಕೂ ವ್ಯತ್ಯಾಸ ಯಾಕೆಂದು ಅವರಿಗೆ ತಿಳಿಯುವುದಾದರೂ ಹೇಗೆ?

ಕ್ಯೂ ಅನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡಿ. ಚಾರ್ಟಿನ ಕೆಳಗೆ ಪ್ರತಿ ಗೆರೆಗೂ ಆ ಕ್ಷಣದ ಕ್ಯೂ ಬರೆಯಿರಿ. ಮೊದಲ ಸಲ ಹನ್ನೆರಡು ನಿಮಿಷ ಹಿಡಿದರೆ ಮೂರನೇ ಸಲ ಏಳಕ್ಕೆ ಇಳಿಯುತ್ತದೆ.

## ರಾತ್ರಿಯ ನಿಯಮ

ಬೆಳಿಗ್ಗೆ ಓದಿದ್ದರ ಲೆಕ್ಕವನ್ನು ಅದೇ ರಾತ್ರಿ ಮಾಡಬೇಡಿ, ಮರುದಿನ ರಾತ್ರಿ ಮಾಡಿ. ಅದೇ ದಿನವಾದರೆ ಪುಟ ಇನ್ನೂ ಕಣ್ಣ ಮುಂದೆ ಇರುತ್ತದೆ, ಬಂತು ಅನ್ನಿಸುವುದು ಸುಳ್ಳಾಗಿರಬಹುದು. ಹಾಗಾಗಿ ಸೋಮವಾರದ `fork` ಮಂಗಳವಾರ ರಾತ್ರಿಗೆ, ಮಂಗಳವಾರದ ರೌಂಡ್ ರಾಬಿನ್ ಬುಧವಾರ ರಾತ್ರಿಗೆ. ನಾಲ್ಕೈದು ದಿನ ಬಿಟ್ಟು ಅದೇ ಜಾತಿಯ ಇನ್ನೊಂದು ಲೆಕ್ಕ, ಬೇರೆ ಅಂಕಿಗಳೊಂದಿಗೆ. ದಿನ 1ರ ರಾತ್ರಿಗೆ ಹಿಂದಿನ ದಿನದ ಓದು ಇರುವುದಿಲ್ಲವಾದ್ದರಿಂದ ಹಳೇ ಪೇಪರಿನ ಗೆರೆಗಳನ್ನು ಮುಗಿಸಿಕೊಳ್ಳಿ. ಲೆಕ್ಕ ಇಪ್ಪತ್ತು ನಿಮಿಷದಲ್ಲಿ ಮುಗಿದರೆ ಉಳಿದ ಇಪ್ಪತ್ತು ನಿಮಿಷ ನಿದ್ದೆಗೆ, ಇನ್ನೊಂದು ಅಧ್ಯಾಯಕ್ಕಲ್ಲ.

## ದಿನ 3, ಬುಧವಾರ: ಸೆಮಾಫೋರ್

ಸಿಕ್ಕ ಒಂದು ರಜೆಯನ್ನು ಅತಿ ಹೆಚ್ಚು ಪುಟಗಳಿರುವ ಅಧ್ಯಾಯಕ್ಕೆ ಕೊಡುವ ಆಸೆ ಬರುತ್ತದೆ. ಕೊಡಬೇಡಿ. ಪುಟ ಹೆಚ್ಚಿರುವುದನ್ನು ತೊಂಬತ್ತು ತೊಂಬತ್ತು ನಿಮಿಷವಾಗಿ ಕತ್ತರಿಸಬಹುದು. ಸಿಂಕ್ರೊನೈಸೇಷನ್ ಹಾಗಲ್ಲ, ನಡುವೆ ಎದ್ದರೆ ಎಲ್ಲಿದ್ದೆವು ಎಂಬುದೇ ಮರೆತು ಮತ್ತೆ ಮೊದಲಿಂದ ಶುರು. ಐದು ಗಂಟೆಯಲ್ಲಿ ಮೊದಲ ಎರಡು ಗಂಟೆ ಕ್ರಿಟಿಕಲ್ ಸೆಕ್ಷನ್ ಮತ್ತು ಪೀಟರ್ಸನ್ ಪರಿಹಾರಕ್ಕೆ. ಮುಂದಿನ ಎರಡು ಗಂಟೆ ಪ್ರೊಡ್ಯೂಸರ್–ಕನ್ಸ್ಯೂಮರ್, ರೀಡರ್ಸ್–ರೈಟರ್ಸ್, ಡೈನಿಂಗ್ ಫಿಲಾಸಫರ್ಸ್. ಕೊನೆಯ ಗಂಟೆ ಪುಸ್ತಕ ಮುಚ್ಚಿ ಬರೆಯಲು.

ಪ್ರೊಡ್ಯೂಸರ್‌ನ ಕೋಡ್ ಇಷ್ಟೇ. ಆರಂಭದಲ್ಲಿ `mutex = 1`, `empty = n`, `full = 0`.

```
wait(empty);
wait(mutex);
/* buffer ಗೆ ಹಾಕುವುದು */
signal(mutex);
signal(full);
```

ಬಾಯಿಪಾಠ ಮಾಡಿದರೆ ಮೊದಲೆರಡು ಸಾಲು ಒಂದು ದಿನ ಅದಲುಬದಲಾಗಿಯೇ ತೀರುತ್ತವೆ. ಅದರ ಬದಲು ಬೇಕೆಂದೇ ತಪ್ಪು ಮಾಡಿ ನೋಡಿ. `n = 2` ಇರಲಿ. ಹಾಳೆಯಲ್ಲಿ `mutex`, `empty`, `full` ಎಂದು ಮೂರು ಕಾಲಂ ಹಾಕಿ. ಶುರುವಿನಲ್ಲಿ 1, 2, 0. ಎರಡು ವಸ್ತು ಹಾಕಿದ ಮೇಲೆ 1, 0, 2. ಬಫರ್ ತುಂಬಿದೆ. ಈಗ ಪ್ರೊಡ್ಯೂಸರ್ ಮೂರನೇ ವಸ್ತು ಹಿಡಿದು ಬರುತ್ತಾನೆ, ತಪ್ಪು ಕ್ರಮದಲ್ಲಿ ಮೊದಲು `wait(mutex)` ಮಾಡುತ್ತಾನೆ. `mutex` 0 ಆಯಿತು. ಆಮೇಲೆ `wait(empty)`, ಖಾಲಿ ಜಾಗವಿಲ್ಲ, ಮಲಗಿದ. ಬಾಗಿಲ ಬೀಗ ಇನ್ನೂ ಅವನ ಜೇಬಿನಲ್ಲೇ ಇದೆ. ಕನ್ಸ್ಯೂಮರ್ ಬರುತ್ತಾನೆ, `wait(full)` ದಾಟುತ್ತಾನೆ, `wait(mutex)`ನಲ್ಲಿ ಅವನೂ ಮಲಗುತ್ತಾನೆ. ಜಾಗ ಖಾಲಿ ಮಾಡಬಲ್ಲವನು ಬೀಗಕ್ಕೆ ಕಾಯುತ್ತಿದ್ದಾನೆ, ಬೀಗ ಇರುವವನು ಜಾಗಕ್ಕೆ ಕಾಯುತ್ತಿದ್ದಾನೆ. ಅಲ್ಲಿಗೆ ಡೆಡ್‌ಲಾಕ್.

ಹೀಗೆ ಒಂದು ಸಲ ಕೈಯಾರೆ ಕಟ್ಟಿಹಾಕಿದ ಮೇಲೆ ಕ್ರಮ ಮರೆಯುವುದಿಲ್ಲ. ಕೆಳಗಿನ ಎರಡು `signal`ಗಳನ್ನೂ ಅದಲುಬದಲು ಮಾಡಿ ನೋಡಿ. ಏನೂ ಕೆಡುವುದಿಲ್ಲ, ಏಕೆಂದರೆ `signal` ಯಾರನ್ನೂ ನಿಲ್ಲಿಸುವುದಿಲ್ಲ. ವೈವಾದಲ್ಲಿ ಈ ಪ್ರಶ್ನೆ ಬಂದರೆ ಇದೇ ಉತ್ತರ.

## ದಿನ 4 ಮತ್ತು 5: ಡೆಡ್‌ಲಾಕ್

ಬುಧವಾರ ಕಟ್ಟಿದ ಗಂಟು ಗುರುವಾರಕ್ಕೆ ಕೆಲಸಕ್ಕೆ ಬರುತ್ತದೆ. ಮ್ಯೂಚುಯಲ್ ಎಕ್ಸ್‌ಕ್ಲೂಷನ್, ಹೋಲ್ಡ್ ಅಂಡ್ ವೇಟ್, ನೋ ಪ್ರೀಎಂಪ್ಷನ್, ಸರ್ಕ್ಯುಲರ್ ವೇಟ್, ಈ ನಾಲ್ಕನ್ನೂ ಆ ಪ್ರೊಡ್ಯೂಸರ್ ಕಥೆಯಲ್ಲೇ ತೋರಿಸಿ ಬರೆಯಬಹುದು. ಗುರುವಾರ ರಾತ್ರಿ ಸೆಮಾಫೋರ್ ಕೋಡನ್ನು ನೋಡದೆ ಬರೆಯಿರಿ.

ಶುಕ್ರವಾರ ಬೆಳಿಗ್ಗೆ ಬ್ಯಾಂಕರ್ಸ್. ಮೂರು ನಾಲ್ಕು ಕಾಲಂಗಳ ಮೇಲೆ ಹಾರುವ ಮೊದಲು ಒಂದೇ ರಿಸೋರ್ಸಿನ ಲೆಕ್ಕ ಮಾಡಿ. ಒಟ್ಟು 11 ಇದೆ, ಕೈಯಲ್ಲಿ ಉಳಿದಿರುವುದು 3:

```
      Allocation  Max  Need
P0        4        8     4
P1        1        3     2
P2        3        9     6
```

3ರಲ್ಲಿ P1ನ 2 ಪೂರೈಸುತ್ತದೆ. ಮುಗಿದಾಗ ಅದು ಹಿಡಿದಿದ್ದ 1 ವಾಪಸ್, ಕೈಯಲ್ಲಿ 4. P0ಗೆ ಬೇಕಾದ್ದು 4, ಸರಿಹೋಯಿತು, ಅದರ 4 ಸೇರಿ 8. ಕೊನೆಗೆ P2, ಅದರ 3 ಸೇರಿ 11. ಒಟ್ಟು ಇದ್ದದ್ದೂ 11, ತಾಳೆಯಾಯಿತು. ಸೇಫ್ ಸೀಕ್ವೆನ್ಸ್ P1, P0, P2.

ಆ ಕೊನೆಯ ತಾಳೆ ನೋಡದೆ ಹಾಳೆ ತಿರುಗಿಸಬೇಡಿ. ಆತುರದಲ್ಲಿ ಆಗುವ ತಪ್ಪು ಒಂದೇ: `Allocation` ಕೂಡುವ ಜಾಗದಲ್ಲಿ `Need` ಕೂಡುವುದು. ಇಲ್ಲಿ ಹಾಗೆ ಮಾಡಿದ್ದರೆ 5, 9, 15 ಎಂದು ಬರುತ್ತಿತ್ತು. ಇರುವುದೇ 11, 15 ಎಲ್ಲಿಂದ ಬಂತು? ಬ್ಯಾಂಕಿನಲ್ಲಿಟ್ಟದ್ದಕ್ಕಿಂತ ಹೆಚ್ಚು ವಾಪಸ್ ಬಂದರೆ ಎಲ್ಲೋ ಎಡವಟ್ಟಾಗಿದೆ.

ಪ್ರಶ್ನೆಯ ಎರಡನೇ ಭಾಗ ಸಾಮಾನ್ಯವಾಗಿ "P2 ಇನ್ನೊಂದು ಕೇಳಿದರೆ ಕೊಡಬಹುದೇ" ಎಂಬ ಬಗೆಯದು. ಕೊಟ್ಟ ಹಾಗೆ ನಟಿಸಿ: ಉಳಿದದ್ದು 2, P2ಗೆ ಇನ್ನೂ 5 ಬೇಕು. P1 ಮುಗಿದರೆ 3 ಆಗುತ್ತದೆ, ಆದರೆ P0ಗೆ 4 ಬೇಕು, P2ಗೆ 5. ಮುಂದೆ ದಾರಿಯಿಲ್ಲ, ಕೊಡಬಾರದು. ಇಲ್ಲಿ "ಡೆಡ್‌ಲಾಕ್ ಆಗುತ್ತದೆ" ಎಂದು ಬರೆದರೆ ತಪ್ಪು. ಅನ್‌ಸೇಫ್ ಆಗುತ್ತದೆ, ಅಷ್ಟೇ. ಎಲ್ಲರೂ ತಮ್ಮ ಗರಿಷ್ಠವನ್ನು ನಿಜಕ್ಕೂ ಕೇಳದೇ ಇರಬಹುದು.

## ದಿನ 6ರಿಂದ 9: ಮೆಮೊರಿ

ಶನಿವಾರ ಫಸ್ಟ್ ಫಿಟ್, ಬೆಸ್ಟ್ ಫಿಟ್, ವರ್ಸ್ಟ್ ಫಿಟ್ ಮತ್ತು ಫ್ರಾಗ್ಮೆಂಟೇಷನ್. ಭಾನುವಾರ ಪೇಜಿಂಗ್, ಟಿಎಲ್‌ಬಿ, ಸೆಗ್ಮೆಂಟೇಷನ್. 32 ಬಿಟ್ ವಿಳಾಸ, 4 ಕೆಬಿ ಪೇಜ್ ಎಂದರೆ ಆಫ್‌ಸೆಟ್‌ಗೆ 12 ಬಿಟ್, ಪೇಜ್ ನಂಬರಿಗೆ 20 ಎಂದು ತಡವರಿಸದೆ ಹೇಳಲು ಬಂದರೆ ಸಾಕು. ಸೋಮವಾರ ಡಿಮ್ಯಾಂಡ್ ಪೇಜಿಂಗ್, ಥ್ರ್ಯಾಶಿಂಗ್. ಈ ಮೂರು ರಾತ್ರಿಗಳಲ್ಲಿ ಬ್ಯಾಂಕರ್ಸ್ ಒಂದು ದಿನ, ರೌಂಡ್ ರಾಬಿನ್ ಎರಡನೇ ಸಲ ಒಂದು ದಿನ, ಪೇಜಿಂಗ್ ಒಂದು ದಿನ.

ಮಂಗಳವಾರ ಪೇಜ್ ರಿಪ್ಲೇಸ್‌ಮೆಂಟ್. ಇದಕ್ಕೆ ಒಂದೇ ಸರಣಿ ಸಾಕು:

```
1 2 3 4 1 2 5 1 2 3 4 5
```

3 ಫ್ರೇಮಿನಲ್ಲಿ ಫೀಫೋಗೆ 9 ಪೇಜ್ ಫಾಲ್ಟ್, ಎಲ್‌ಆರ್‌ಯುಗೆ 10, ಆಪ್ಟಿಮಲ್‌ಗೆ 7. ಫೀಫೋಗೆ 4 ಫ್ರೇಮ್ ಕೊಟ್ಟರೆ ಕಡಿಮೆಯಾಗುವ ಬದಲು 10ಕ್ಕೆ ಏರುತ್ತದೆ. ಬೆಲಾಡಿ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಈ ವಿಚಿತ್ರಕ್ಕೆ ಅವರ ಹೆಸರೇ ನಿಂತಿದೆ. ಈ ಸರಣಿ ನಿಮ್ಮ ತಪ್ಪನ್ನೂ ಹಿಡಿದುಕೊಡುತ್ತದೆ. 3 ಫ್ರೇಮಿನ ಫೀಫೋಗೆ ನಿಮಗೆ 10 ಬಂದರೆ, ಪೇಜ್ ಆಗಲೇ ಒಳಗಿದ್ದಾಗಲೂ ಅದನ್ನು ಕ್ಯೂನ ಹಿಂದಕ್ಕೆ ಕಳಿಸಿದ್ದೀರಿ. ಅದು ಎಲ್‌ಆರ್‌ಯು. ಫೀಫೋಗೆ ಪೇಜ್ ಯಾವಾಗ ಒಳಗೆ ಬಂತು ಎಂಬುದಷ್ಟೇ ಗೊತ್ತು, ಮತ್ತೆ ಯಾರು ಮುಟ್ಟಿದರು ಎಂಬುದು ಬೇಕಿಲ್ಲ.

## ದಿನ 10: ಎರಡನೇ ಬುಧವಾರ

ಫೈಲ್ ಮತ್ತು ಡಿಸ್ಕ್ ಇನ್ನೂ ಓದಿಲ್ಲ, ಆದರೂ ಇಂದೇ ಪರೀಕ್ಷೆ ಬರೆಯಿರಿ. ಎಲ್ಲ ಮುಗಿದ ಮೇಲೆ ಬರೆಯೋಣ ಎಂದರೆ ತಪ್ಪು ತಿದ್ದಲು ದಿನ ಉಳಿಯುವುದಿಲ್ಲ. ಒಂದು ಹಳೇ ಪೇಪರಿನ ಮೊದಲ ನಾಲ್ಕು ಮಾಡ್ಯೂಲ್ ತೆಗೆದುಕೊಳ್ಳಿ, ನಾಲ್ಕನೆಯದರಲ್ಲಿ ವರ್ಚುಯಲ್ ಮೆಮೊರಿಯ ಪ್ರಶ್ನೆಗಳು ಮಾತ್ರ. ಮಾಡ್ಯೂಲುಗಳ ಹಂಚಿಕೆ ಸ್ಕೀಮಿನಿಂದ ಸ್ಕೀಮಿಗೆ ಸ್ವಲ್ಪ ಬದಲಾಗುತ್ತದೆ, ನಿಮ್ಮ ಸಿಲಬಸ್ ನೋಡಿಕೊಳ್ಳಿ. ಮೂರು ಗಂಟೆಗೆ ಐದು ಪ್ರಶ್ನೆ ಎಂದರೆ ಒಂದಕ್ಕೆ 36 ನಿಮಿಷ. ನೀವು 34ಕ್ಕೆ ನಿಲ್ಲಿಸಿ. ನಾಲ್ಕಕ್ಕೆ ಎರಡು ಗಂಟೆ ಹದಿನಾರು ನಿಮಿಷ. ಪರೀಕ್ಷೆ ಎಷ್ಟು ಹೊತ್ತಿಗೋ ಅದೇ ಹೊತ್ತಿಗೆ ಶುರುಮಾಡಿ.

ಮಧ್ಯಾಹ್ನ ಬೇರೆ ಬಣ್ಣದ ಪೆನ್ನಿನಲ್ಲಿ ನೀವೇ ತಿದ್ದಿ. ತಪ್ಪು ಮೂರು ಬಗೆ: ವಿಷಯವೇ ಗೊತ್ತಿಲ್ಲ, ಗೊತ್ತಿದ್ದೂ ಕೂಡಿಕೆ ತಪ್ಪಿತು, ಬರೆಯಲು ಸಮಯ ಸಾಲಲಿಲ್ಲ. ಮೊದಲನೆಯದಕ್ಕೆ ಮುಂದಿನ ಬೆಳಿಗ್ಗೆಯಲ್ಲಿ ಜಾಗ ಬೇಕು, ಎರಡನೆಯದು ರಾತ್ರಿಯ ಲೆಕ್ಕಕ್ಕೆ ಸೇರುತ್ತದೆ. ನನಗೆ ಮೂರನೆಯದೇ ಹೆಚ್ಚಿತ್ತು. ಪ್ರೊಸೆಸ್ ಸ್ಟೇಟ್ ಚಿತ್ರಕ್ಕೆ ಸ್ಕೇಲ್ ಹಿಡಿದು ಎಂಟು ನಿಮಿಷ ಕಳೆದಿದ್ದೆ.

## ದಿನ 11ರಿಂದ 14

ಗುರುವಾರ ಫೈಲ್ ಸಿಸ್ಟಮ್: ಕಂಟಿಗ್ಯೂಯಸ್, ಲಿಂಕ್ಡ್, ಇಂಡೆಕ್ಸ್ಡ್ ಹಂಚಿಕೆಗಳನ್ನು ಹೋಲಿಸಿ ಒಂದು ಕೋಷ್ಟಕ. ಶುಕ್ರವಾರ ಡಿಸ್ಕ್ ಶೆಡ್ಯೂಲಿಂಗ್, ಇದು ಇರುವುದರಲ್ಲೇ ಸುಲಭದ ಅಂಕ. ಸ್ಕ್ಯಾನ್‌ನಲ್ಲಿ ಹೆಡ್ ಕೊನೆಯ ಸಿಲಿಂಡರಿನವರೆಗೂ ಹೋಗಿ ತಿರುಗುತ್ತದೆ, ಲುಕ್‌ನಲ್ಲಿ ಕೊನೆಯ ರಿಕ್ವೆಸ್ಟಿಗೇ ತಿರುಗುತ್ತದೆ. ದಿಕ್ಕು ಕೊಟ್ಟಿಲ್ಲದಿದ್ದರೆ ರೌಂಡ್ ರಾಬಿನ್‌ನಲ್ಲಿ ಮಾಡಿದಂತೆ ಊಹೆಯನ್ನು ಬರೆದುಬಿಡಿ. ಶನಿವಾರ ಪ್ರೊಟೆಕ್ಷನ್, ಲಿನಕ್ಸ್ ಕೇಸ್ ಸ್ಟಡಿ.

ಈ ಹನ್ನೆರಡು ದಿನದಲ್ಲಿ ಒಂದು ಬೆಳಿಗ್ಗೆ ಕೈತಪ್ಪಿದರೆ ಅದನ್ನು ಮರುದಿನಕ್ಕೆ ತಳ್ಳಬೇಡಿ, ತಳ್ಳಿದರೆ ಮುಂದಿನದೆಲ್ಲ ಸರಿಯುತ್ತ ಹೋಗುತ್ತದೆ. ಕಳೆದ ವಿಷಯ ಬುಧವಾರಕ್ಕೆ ಅಥವಾ ಭಾನುವಾರಕ್ಕೆ ಕಾಯಲಿ. ಎರಡು ಕಳೆದರೆ ನಾನು ಮೊದಲು ಕತ್ತರಿಸುವುದು ಲಿನಕ್ಸ್ ಕೇಸ್ ಸ್ಟಡಿ. ಬ್ಯಾಂಕರ್ಸ್ ಅಂತೂ ಕತ್ತರಿಸುವುದಿಲ್ಲ.

ಭಾನುವಾರ ಹೊಸದೇನೂ ಇಲ್ಲ. ಬೆಳಿಗ್ಗೆ ಐದನೇ ಮಾಡ್ಯೂಲಿನ ಒಂದು ಪ್ರಶ್ನೆ, 34 ನಿಮಿಷದಲ್ಲಿ. ಆಮೇಲೆ ತಪ್ಪುಗಳ ನೋಟ್‌ಬುಕ್ ತೆರೆದು, ಪ್ರತಿ ಜಾತಿಗೆ ಒಂದು ಸಾಲಿನಂತೆ ಒಂದೇ ಪುಟಕ್ಕೆ ಇಳಿಸಿ. ನನ್ನ ಪುಟದಲ್ಲಿ ಹೀಗಿತ್ತು: ಹೊಸಬ ಮೊದಲು, ಊಹೆ ಬರೆ. `empty` ಆಮೇಲೆ `mutex`. `Allocation` ಕೂಡು, ಒಟ್ಟಿಗೆ ತಾಳೆ ನೋಡು. ಫೀಫೋದಲ್ಲಿ ಹಿಟ್ ಆದರೆ ಕ್ಯೂ ಮುಟ್ಟಬೇಡ. ಸ್ಕ್ಯಾನ್ ಗೋಡೆಯವರೆಗೆ. ಚಿತ್ರಕ್ಕೆ ಸ್ಕೇಲ್ ಬೇಡ. ಆ ಹಾಳೆಯನ್ನು ಮಡಚಿ ಹಾಲ್ ಟಿಕೆಟ್ ಜೊತೆ ಇಟ್ಟು, ಬೆಳಿಗ್ಗೆ ಬಸ್ಸಿನಲ್ಲಿ ಎರಡು ಸಲ ಓದಿ, ಕಾಲೇಜಿನ ಗೇಟಿನ ಹೊರಗೇ ಹರಿದು ಹಾಕಿದೆ.